ನಾಯಿಮರಿ ತರುವ ಮುನ್ನ ಮೂರು ಡಬ್ಬಿ ಇಡಿ

"ನಾಯಿ ಸಾಕೋಕೆ ತಿಂಗಳಿಗೆ ಎಷ್ಟಾಗುತ್ತೆ?" ಅಂತ ಕೇಳಿದರೆ ಹೆಚ್ಚಿನವರು ಊಟದ ಲೆಕ್ಕ ಹೇಳಿ ಸುಮ್ಮನಾಗುತ್ತಾರೆ. ಆದರೆ ಊಟದ ಖರ್ಚಿನಿಂದ ಕೈ ಸುಟ್ಟುಕೊಂಡವರು ಕಡಿಮೆ. ಅದು ತಿಂಗಳು ತಿಂಗಳು ಒಂದೇ ಸಮ ಬರುತ್ತದೆ, ಮೂರನೇ ತಿಂಗಳಿಗೆ ಅಭ್ಯಾಸವಾಗಿಬಿಡುತ್ತದೆ. ತೊಂದರೆ ಕೊಡುವುದು ಲಸಿಕೆ, ಆಪರೇಷನ್, ರಾತ್ರಿ ಹನ್ನೊಂದಕ್ಕೆ ಶುರುವಾಗುವ ವಾಂತಿ. ಇವು ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ, ಬಂದಾಗ ಮಾತ್ರ ಒಟ್ಟಿಗೇ ಬರುತ್ತವೆ.

ಹಾಗಾಗಿ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿಯಲ್ಲಿ ಬೇರೆ ಬೇರೆ ಖರ್ಚಿಗೆ ದುಡ್ಡು ಇಡುತ್ತಿದ್ದರಲ್ಲ, ಆ ಲೆಕ್ಕವೇ ಇಲ್ಲಿಗೂ ಸರಿ. ಮೂರು ಡಬ್ಬಿ ಸಾಕು. ಒಂದು ಊಟಕ್ಕೆ. ಎರಡನೆಯದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿರುವ ಖರ್ಚಿಗೆ. ಇದನ್ನು ಕ್ಯಾಲೆಂಡರ್ ಡಬ್ಬಿ ಅನ್ನೋಣ. ಮೂರನೆಯದು ಆಪತ್ತಿಗೆ. ಡಬ್ಬಿ ಅಂದರೆ ಈಗ ಬ್ಯಾಂಕಿನ ಉಳಿತಾಯ ಖಾತೆಯೋ ಆರ್‌ಡಿಯೋ ಆಗಬಹುದು. ಮನೆಖರ್ಚಿನ ಹಣದ ಜೊತೆ ಬೆರೆಯಬಾರದು, ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಂಡೇ ಲೆಕ್ಕ ಮಾಡೋಣ. ಮೈಸೂರಿನ ಒಂದು ಮನೆ. ಅಕ್ಟೋಬರ್ ಮೊದಲ ವಾರ ಹುಟ್ಟಿದ ನಮ್ಮೂರಿನ ತಳಿಯ ಹೆಣ್ಣುಮರಿಯನ್ನು ನವೆಂಬರ್ ಕೊನೆಗೆ, ಎಂಟು ವಾರಕ್ಕೆ, ಮನೆಗೆ ತರುತ್ತಾರೆ. ಹೆಸರು ಕೆಂಪಿ. ದೊಡ್ಡವಳಾದಾಗ 16 ಕಿಲೋ ತೂಗುತ್ತಾಳೆ ಅಂದುಕೊಳ್ಳೋಣ. ಇಲ್ಲಿರುವ ದರಗಳೆಲ್ಲ ನಗರದ ಖಾಸಗಿ ಕ್ಲಿನಿಕ್ಕಿನ ಅಂದಾಜು. ಲೆಕ್ಕದ ದಾರಿ ಇಟ್ಟುಕೊಳ್ಳಿ, ಅಂಕಿ ನಿಮ್ಮೂರಿನದು ಹಾಕಿಕೊಳ್ಳಿ.

ತಳಿ ಇನ್ನೂ ತೀರ್ಮಾನವಾಗಿಲ್ಲ ಅಂದರೆ ಒಂದು ಮಾತು. ನಾಯಿಯ ತೂಕವೇ ಅದರ ಖರ್ಚು. ಊಟ, ಉಣ್ಣಿ ಮಾತ್ರೆ, ಅರಿವಳಿಕೆ, ಆ್ಯಂಟಿಬಯೋಟಿಕ್ ಎಲ್ಲವೂ ಕಿಲೋ ಲೆಕ್ಕದಲ್ಲೇ ಹೋಗುತ್ತವೆ. 32 ಕಿಲೋ ಲ್ಯಾಬ್ರಡಾರ್ ಮನೆಯವರು ಕೆಂಪಿಯ ಮನೆಯವರಿಗಿಂತ ಈ ಎಲ್ಲ ಬಿಲ್ಲಿನಲ್ಲೂ ಜಾಸ್ತಿ ಕೊಡುತ್ತಾರೆ. ಉದ್ದ ಕೂದಲಿನ ಶಿ ತ್ಸು ಚಿಕ್ಕದಾದರೂ ಕೂದಲಿನ ಆರೈಕೆಯ ಖರ್ಚು ಬೇರೆ ಕೇಳುತ್ತದೆ.

ಊಟದ ಡಬ್ಬಿ

ಅಂಗಡಿಯಲ್ಲಿ ಚೀಲದ ಬೆಲೆ ನೋಡಬೇಡಿ, ದಿನದ ಬೆಲೆ ಲೆಕ್ಕ ಹಾಕಿ. 16 ಕಿಲೋ ತೂಕದ, ಸಂತಾನಹರಣ ಆಪರೇಷನ್ ಆದ, ಮನೆಯಲ್ಲೇ ಇರುವ ದೊಡ್ಡ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಬೇಕು. ಒಣ ಆಹಾರದ ಚೀಲದ ಹಿಂದೆ 100 ಗ್ರಾಂಗೆ ಎಷ್ಟು ಕ್ಯಾಲರಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 350ರ ಆಸುಪಾಸು. 360 ಅಂತ ಹಿಡಿದರೆ ಕೆಂಪಿಗೆ ದಿನಕ್ಕೆ 250 ಗ್ರಾಂ, ತಿಂಗಳಿಗೆ ಏಳೂವರೆ ಕಿಲೋ. ಕಿಲೋಗೆ 250 ರೂಪಾಯಿಯಾದರೆ 1,875 ರೂಪಾಯಿ. ಮೇಲೆ ಒಂದಷ್ಟು ಮೊಟ್ಟೆ ಸೇರಿಸಿ 2,000 ಅಂತ ಇಡಿ. ಮರಿಯಾಗಿದ್ದಾಗ ತೂಕ ಕಡಿಮೆ ಇದ್ದರೂ ಬೆಳೆಯುವ ದೇಹ ಕಿಲೋಗೆ ಹೆಚ್ಚು ಕೇಳುತ್ತದೆ. ಮರಿಗಳ ಆಹಾರದ ಬೆಲೆಯೂ ಸ್ವಲ್ಪ ಜಾಸ್ತಿ. ಹಾಗಾಗಿ ಮೊದಲ ವರ್ಷವೂ ಇದೇ ಅಂಕಿ ಹಿಡಿದರೆ ದೊಡ್ಡ ತಪ್ಪಾಗುವುದಿಲ್ಲ.

"ಮನೆ ಅಡುಗೆ ಹಾಕ್ತೀವಿ, ಖರ್ಚೇ ಇಲ್ಲ" ಅನ್ನುವವರಿದ್ದಾರೆ. ಇದನ್ನೂ ಲೆಕ್ಕ ಹಾಕಿ ನೋಡಿ. ದಿನದ ಅರ್ಧ ಕ್ಯಾಲರಿಯನ್ನು ಒಣ ಆಹಾರದಿಂದ ಕೊಟ್ಟರೆ 31 ರೂಪಾಯಿ. ಅದೇ ಅರ್ಧವನ್ನು 150 ಗ್ರಾಂ ಮೂಳೆಯಿಲ್ಲದ ಕೋಳಿ ಮತ್ತು ಒಂದು ಹಿಡಿ ಅಕ್ಕಿಯ ಅನ್ನದಿಂದ ಕೊಡಲು ಹೊರಟರೆ 50 ರೂಪಾಯಿ ದಾಟುತ್ತದೆ. ಮನೆಯೂಟ ಅಗ್ಗವಾಗಿ ಕಂಡರೆ ಅದರಲ್ಲಿ ಮಾಂಸವೋ ಮೊಟ್ಟೆಯೋ ಕಡಿಮೆ ಇದೆ ಅಂತಲೇ ಅರ್ಥ. ಅನ್ನ-ಹಾಲು, ಅನ್ನ-ಮೊಸರು, ಮುದ್ದೆ-ಸಾರು ಹಾಕಿಯೇ ಬೆಳೆಸಿದ ಮರಿಯ ಹೊಟ್ಟೆ ತುಂಬಿರುತ್ತದೆ. ಮೂಳೆಗೆ ಬೇಕಾದ ಸುಣ್ಣದ ಅಂಶ ಮತ್ತು ಪ್ರೋಟೀನ್ ಸಾಲುವುದಿಲ್ಲ. ಬರೀ ಮಾಂಸ ಹಾಕಿದರೂ ಅದೇ ಕಥೆ, ಏಕೆಂದರೆ ಮಾಂಸದಲ್ಲಿ ರಂಜಕ ಜಾಸ್ತಿ, ಸುಣ್ಣ ತೀರಾ ಕಡಿಮೆ. ನಾಲ್ಕೈದು ತಿಂಗಳಿಗೆ ಮುಂಗಾಲು ಬಾಗಿದಂತೆ ಕಾಣುವುದು, ಎದ್ದು ನಡೆಯಲು ಮರಿ ಹಿಂಜರಿಯುವುದು ಇದರ ಲಕ್ಷಣ. ಹಾಗಾಗಿ ಮೊದಲ ವರ್ಷ ಮರಿಗಳ ಒಣ ಆಹಾರವೇ ಮುಖ್ಯವಾಗಿರಲಿ, ಮನೆಯದು ಜೊತೆಗಿರಲಿ. ಪೂರ್ತಿ ಮನೆಯೂಟವೇ ಬೇಕು ಅಂದರೆ ಡಾಕ್ಟರ ಹತ್ತಿರ ಅಳತೆ ಸಮೇತ ಬರೆಸಿಕೊಳ್ಳಿ. ಕ್ಯಾಲ್ಸಿಯಂ ಟಾನಿಕ್ಕನ್ನು ನೀವೇ ತಂದು ಸುರಿಯಬೇಡಿ, ಜಾಸ್ತಿಯಾದರೂ ಕೆಡುಕೇ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಕೋಳಿಮೂಳೆ ದೂರವಿರಲಿ. ಇವೆಲ್ಲ ಊಟದ ಡಬ್ಬಿಯಿಂದ ನೇರವಾಗಿ ಆಪತ್ತಿನ ಡಬ್ಬಿಗೆ ಕೈ ಹಾಕಿಸುವ ಪದಾರ್ಥಗಳು.

ಕ್ಯಾಲೆಂಡರ್ ಡಬ್ಬಿ: ಲಸಿಕೆ

ಮರಿ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಮಾಡಿ. ಕೆಂಪಿಯ ಲೆಕ್ಕದಲ್ಲಿ ನವೆಂಬರ್ 26ಕ್ಕೆ ಎಂಟು ವಾರ, ಡಿಸೆಂಬರ್ 24ಕ್ಕೆ ಹನ್ನೆರಡು, ಜನವರಿ 21ಕ್ಕೆ ಹದಿನಾರು. ಮೂರು ಸಲವೂ ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ಮುಂತಾದವುಗಳ ಕೂಡು ಲಸಿಕೆ. ಕ್ಲಿನಿಕ್ಕಿನಲ್ಲಿ ಇದನ್ನು ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಕರೆಯುತ್ತಾರೆ. ಇಲಿಜ್ವರದ ಅಂಶವೂ ಇದರಲ್ಲೇ ಇರುತ್ತದೆ. ಹನ್ನೆರಡನೇ ವಾರಕ್ಕೆ ರೇಬಿಸ್ ಲಸಿಕೆ, ಹದಿನಾರಕ್ಕೆ ಅದರ ಬೂಸ್ಟರ್. ಕೂಡು ಲಸಿಕೆಗೆ 800, ರೇಬಿಸ್‌ಗೆ 300, ಪ್ರತಿ ಭೇಟಿಗೆ ಡಾಕ್ಟರ ಫೀಸು 400 ಅಂತ ಹಿಡಿದರೆ ಮೊದಲ ಭೇಟಿ 1,200, ಮುಂದಿನ ಎರಡೂ ತಲಾ 1,500, ಒಟ್ಟು 4,200 ರೂಪಾಯಿ.

"ಒಂದೇ ಲಸಿಕೆಯನ್ನು ಮೂರು ಸಲ ಯಾಕೆ, ದುಡ್ಡು ಮಾಡೋಕಾ?" ಅನ್ನುವ ಅನುಮಾನ ಸಹಜ. ಕಾರಣ ತಾಯಿಹಾಲಿನಲ್ಲಿದೆ. ಹುಟ್ಟಿದ ಮೊದಲ ದಿನ ಕುಡಿದ ಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಸಿಕ್ಕಿರುತ್ತದೆ. ಅದು ಮೈಯಲ್ಲಿ ಇರುವಷ್ಟು ದಿನ ನಾವು ಕೊಟ್ಟ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಕೆಲವು ಮರಿಗಳಲ್ಲಿ ಇದು ಎಂಟು ವಾರಕ್ಕೆ ಕರಗುತ್ತದೆ, ಕೆಲವದರಲ್ಲಿ ಹದಿನಾಲ್ಕಕ್ಕೆ. ಯಾವ ಮರಿಗೆ ಯಾವಾಗ ಅಂತ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಕೊಡುವುದು. ಮೂರರಲ್ಲಿ ಯಾವುದು ಮುಖ್ಯ ಅಂದರೆ ಹದಿನಾರು ವಾರಕ್ಕೆ ಅಥವಾ ಆಮೇಲೆ ಬೀಳುವ ಕೊನೆಯದು. ಜನ ತಪ್ಪಿಸುವುದೂ ಅದನ್ನೇ. "ಎರಡು ಆಗಿದೆಯಲ್ಲ" ಅಂತ ಬಿಟ್ಟ ಮರಿಗೆ ಐದನೇ ತಿಂಗಳಲ್ಲಿ ಪಾರ್ವೊ ಬಂದರೆ ಲಸಿಕೆಯನ್ನು ಬೈದು ಪ್ರಯೋಜನವಿಲ್ಲ.

ಒಂದು ವರ್ಷದ ನಂತರ ರೇಬಿಸ್ ಮತ್ತು ಇಲಿಜ್ವರದ ಲಸಿಕೆ ಪ್ರತಿ ವರ್ಷ ಬೇಕು. ಇಲಿಜ್ವರದ್ದರ ರಕ್ಷಣೆ ಹೆಚ್ಚೂ ಕಡಿಮೆ ಒಂದೇ ವರ್ಷದ್ದು. ಕೂಡು ಲಸಿಕೆಯಲ್ಲಿ ಉಳಿದದ್ದನ್ನು ಎಷ್ಟು ವರ್ಷಕ್ಕೊಮ್ಮೆ ಕೊಡಬೇಕು ಅಂತ ಡಾಕ್ಟರ ಹತ್ತಿರ ಕೇಳಿ, ಕೇಳಿದರೆ ತಪ್ಪಿಲ್ಲ.

ಲಸಿಕೆ ಹಾಕಿಸಿದ ಮೇಲೆ ಶೀಶೆಯ ಮೇಲಿನ ಸ್ಟಿಕ್ಕರನ್ನು ಲಸಿಕೆ ಪುಸ್ತಕಕ್ಕೆ ಅಂಟಿಸಿ ಸಹಿ ಹಾಕಿದ್ದಾರಾ ನೋಡಿ. ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಅದರಲ್ಲೇ ಇರುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಅಂಗಡಿಯಿಂದ ಜೇಬಿನಲ್ಲಿ ತಂದ ಅಗ್ಗದ ಲಸಿಕೆ ನೀರಿಗೆ ಸಮ ಆಗಿರಬಹುದು, ಉಳಿಸಿದ 200 ರೂಪಾಯಿಗೆ ಅರ್ಥವೇ ಇರುವುದಿಲ್ಲ. ನಿಜವಾಗಿ ಉಳಿಸಬೇಕು ಅಂದರೆ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುತ್ತಮುತ್ತ ಹಲವು ಕಡೆ ರೇಬಿಸ್ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ, ಆಪರೇಷನ್ ಖಾಸಗಿಗಿಂತ ಕಡಿಮೆಗೆ ಆಗುತ್ತವೆ. ಕಾಯಬೇಕಾಗುತ್ತದೆ, ಅರ್ಧ ದಿನ ಹೋಗುತ್ತದೆ. ದುಡ್ಡಿಗಿಂತ ಸಮಯ ಇರುವವರಿಗೆ ಅದು ಒಳ್ಳೆಯ ದಾರಿ.

ಉಣ್ಣಿ, ಜಂತುಹುಳ, ಆಪರೇಷನ್

ಜಂತುಹುಳದ ಔಷಧಿ ಅಗ್ಗ. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ವರ್ಷಕ್ಕೆ 500 ರೂಪಾಯಿ ಇಡಿ. ತೂಕ ನೋಡಿಯೇ ಕೊಡಬೇಕು. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ.

ಉಣ್ಣಿಯ ಖರ್ಚಿಗೆ ಜನ ಹಿಂದೆ ಮುಂದೆ ನೋಡುತ್ತಾರೆ. ಹನ್ನೆರಡು ವಾರ ಕೆಲಸ ಮಾಡುವ ಫ್ಲುರಾಲನರ್ ಮಾತ್ರೆ ಕೆಂಪಿಯ ತೂಕಕ್ಕೆ ಒಂದಕ್ಕೆ 1,600 ಅಂತ ಹಿಡಿದರೆ ವರ್ಷಕ್ಕೆ ನಾಲ್ಕು, ಅಂದರೆ 6,400 ರೂಪಾಯಿ. ಬೆನ್ನ ಮೇಲೆ ಹಾಕುವ ಫಿಪ್ರೋನಿಲ್ ಹನಿಮದ್ದು ಇದಕ್ಕಿಂತ ಅಗ್ಗ, ಆದರೆ ತಿಂಗಳು ತಿಂಗಳು ಮರೆಯದೆ ಹಾಕಬೇಕು, ಸ್ನಾನ ಮಾಡಿಸುವ ದಿನವನ್ನೂ ನೋಡಿಕೊಳ್ಳಬೇಕು. ಯಾವುದನ್ನು ಆರಿಸಿದರೂ ಪೂರ್ತಿ ವರ್ಷಕ್ಕೆ ಲೆಕ್ಕ ಇಡಿ. ನಮ್ಮ ಕಡೆ ಉಣ್ಣಿಗೆ ರಜೆ ಕೊಡುವಷ್ಟು ಚಳಿ ಬರುವುದಿಲ್ಲ.

ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ಟಿಕ್ ಫೀವರ್ ಅನ್ನುತ್ತಾರೆ. ಎರ್ಲಿಕಿಯಾ, ಬೆಬೀಸಿಯಾ ಎನ್ನುವ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ ಪ್ಲೇಟ್‌ಲೆಟ್, ಕೆಂಪು ರಕ್ತಕಣ ಇಳಿಯುತ್ತವೆ. ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಎರ್ಲಿಕಿಯಾಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ನಡುವೆ ಎರಡು ಮೂರು ಸಲ ರಕ್ತಪರೀಕ್ಷೆ. ಬೇಗ ಹಿಡಿದರೆ ಮೂರು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ. ರಕ್ತ ಕೊಡಿಸುವ ಹಂತಕ್ಕೆ ಹೋದರೆ ಅದರ ಹಲವು ಪಟ್ಟು. ಊಟ ಬಿಟ್ಟ ಮೊದಲ ದಿನವೇ ತುಟಿ ಎತ್ತಿ ವಸಡಿನ ಬಣ್ಣ ನೋಡಿ. ಇದಕ್ಕೆ ದುಡ್ಡು ಬೇಕಿಲ್ಲ. ಆರೋಗ್ಯವಾಗಿದ್ದಾಗ ಆ ಬಣ್ಣ ಹೇಗಿರುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡಿರಬೇಕು, ಅಷ್ಟೇ.

ಸಂತಾನಹರಣ ಆಪರೇಷನ್ ಮೊದಲ ವರ್ಷದ ದೊಡ್ಡ ಖರ್ಚು. ಕೆಂಪಿಗೆ ಆರು ತಿಂಗಳು ದಾಟಿದ ಮೇಲೆ, ಏಪ್ರಿಲ್‌ನಲ್ಲಿ. ರಕ್ತಪರೀಕ್ಷೆ ಸೇರಿ 8,000 ರೂಪಾಯಿ. ಗಂಡಿಗೆ ಇದಕ್ಕಿಂತ ಕಡಿಮೆ. "ಹೊರಗೇ ಬಿಡಲ್ಲ, ಮರಿ ಹಾಕುವ ಪ್ರಶ್ನೆಯೇ ಇಲ್ಲ" ಅಂತ ಮುಂದೂಡುವವರು ಪಯೋಮೆಟ್ರಾ ಬಗ್ಗೆ ತಿಳಿದಿರಬೇಕು. ಪ್ರತಿ ಬೆದೆಯ ನಂತರ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ವಯಸ್ಸಾಗುತ್ತಾ ಅದರೊಳಗೆ ಸೋಂಕಾಗಿ ಕೀವು ತುಂಬಿಕೊಳ್ಳಬಹುದು. ಬೆದೆ ಮುಗಿದು ಒಂದೆರಡು ತಿಂಗಳಿಗೆ ನಾಯಿ ವಿಪರೀತ ನೀರು ಕುಡಿಯತೊಡಗಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ ಅನುಮಾನಿಸಬೇಕು. ಹಿಂಬದಿಯಿಂದ ಕೀವು ಕಾಣದೆಯೂ ಇರಬಹುದು, ಆಗಲೇ ಅಪಾಯ ಜಾಸ್ತಿ. ಆಪರೇಷನ್ ಬಹುಪಾಲು ಅದೇ, ಆದರೆ ಈಗ ಕಾಯಿಲೆಯ ನಾಯಿಗೆ, ತುರ್ತಾಗಿ, ಸ್ಕ್ಯಾನ್, ಡ್ರಿಪ್, ಅಡ್ಮಿಷನ್ ಸಮೇತ. 25,000 ದಾಟಿದರೆ ಆಶ್ಚರ್ಯವಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಕೆಚ್ಚಲಿನ ಗೆಡ್ಡೆಯ ಅಪಾಯವೂ ಬಹಳ ತಗ್ಗುತ್ತದೆ. ದೊಡ್ಡ ಜಾತಿಯ ನಾಯಿಗಳಲ್ಲಿ ಕೀಲು ಬೆಳೆಯಲಿ ಅಂತ ಸ್ವಲ್ಪ ತಡಮಾಡುವ ಡಾಕ್ಟರಿದ್ದಾರೆ, ಅವರ ಮಾತು ಕೇಳಿ.

ಈ ಡಬ್ಬಿಗೇ ಸೇರಬೇಕಾದ, ಯಾರೂ ನೆನಪಿಟ್ಟುಕೊಳ್ಳದ ಇನ್ನೊಂದು ಖರ್ಚಿದೆ. ಊರಿಗೆ ಹೋದಾಗ ನಾಯಿ ಎಲ್ಲಿರುತ್ತದೆ? ಬೋರ್ಡಿಂಗ್‌ಗೆ ದಿನಕ್ಕೆ 700 ರೂಪಾಯಿ ಅಂದರೆ ದಸರಾ ರಜೆಯ ಒಂದು ವಾರಕ್ಕೆ ಸುಮಾರು 5,000. ಲಸಿಕೆ ಪುಸ್ತಕ ಸರಿಯಿಲ್ಲದಿದ್ದರೆ ಒಳ್ಳೆಯ ಬೋರ್ಡಿಂಗಿನವರು ಸೇರಿಸಿಕೊಳ್ಳುವುದೂ ಇಲ್ಲ.

ಮೂರನ್ನೂ ಕೂಡಿಸಿದರೆ

ಕೆಂಪಿಯ ಮೊದಲ ವರ್ಷದ ಕ್ಯಾಲೆಂಡರ್ ಡಬ್ಬಿ ಹೀಗಿದೆ:

ಲಸಿಕೆ, ಭೇಟಿ: 4,200
ಜಂತುಹುಳದ ಔಷಧಿ: 500
ಉಣ್ಣಿ ಮಾತ್ರೆ: 6,400
ಆಪರೇಷನ್: 8,000
ಬೋರ್ಡಿಂಗ್: 5,000
ಒಟ್ಟು: 24,100 ರೂಪಾಯಿ

ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,000 ಬರುತ್ತದೆ. ಆದರೆ ಈ ಭಾಗಾಕಾರ ನಂಬಿದರೆ ಏಪ್ರಿಲ್‌ನಲ್ಲಿ ಸಿಕ್ಕಿಬೀಳುತ್ತೀರಿ. ಏಕೆಂದರೆ ಖರ್ಚು ಸಮನಾಗಿ ಹರಡಿಲ್ಲ. ಏಪ್ರಿಲ್ ಕೊನೆಯೊಳಗೆ ಲಸಿಕೆಯೆಲ್ಲ, ಎರಡು ಉಣ್ಣಿ ಮಾತ್ರೆ, ಜಂತುಹುಳದ ಔಷಧಿಯ ಬಹುಪಾಲು ಮತ್ತು ಆಪರೇಷನ್ ಸೇರಿ ಸುಮಾರು 15,850 ಹೋಗಿರುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಐದು ತಿಂಗಳು 2,000 ಹಾಕಿದ್ದರೆ ಡಬ್ಬಿಯಲ್ಲಿ ಇರುವುದು 10,000 ಮಾತ್ರ.

ಇದಕ್ಕೆ ಪರಿಹಾರ, ಮರಿ ಬರುವ ದಿನವೇ ಈ ಡಬ್ಬಿಯಲ್ಲಿ 5,000 ಇರಬೇಕು. ಆಮೇಲೆ ಐದು ತಿಂಗಳು 2,200 ಹಾಕಿ. ಏಪ್ರಿಲ್‌ಗೆ 16,000 ಆಗುತ್ತದೆ, ಆಪರೇಷನ್ ದಾಟುತ್ತದೆ. ಮೇ ತಿಂಗಳಿನಿಂದ 1,200ಕ್ಕೆ ಇಳಿಸಿದರೂ ವರ್ಷ ಮುಗಿಯುತ್ತದೆ. ಎರಡನೇ ವರ್ಷಕ್ಕೂ ಹೆಚ್ಚೂ ಕಡಿಮೆ ಅಷ್ಟೇ ಸಾಕು, ಆಪರೇಷನ್ ಮತ್ತು ಮರಿಯ ಲಸಿಕೆಗಳು ಇಲ್ಲವಲ್ಲ.

ಆಪತ್ತಿನ ಡಬ್ಬಿಯ ಗುರಿ 30,000 ಇರಲಿ. ಮರಿ ಬರುವ ದಿನ 10,000, ಆಮೇಲೆ ತಿಂಗಳಿಗೆ 1,000. ಮೇ ತಿಂಗಳಿನಿಂದ ಕ್ಯಾಲೆಂಡರ್ ಡಬ್ಬಿಯಲ್ಲಿ ಉಳಿದ 1,000 ಕೂಡ ಇದಕ್ಕೇ. ಹೀಗೆ ಮಾಡಿದರೆ ಕೈಯಿಂದ ಹೋಗುವ ಹಣ ತಿಂಗಳಿಗೆ 5,200ರಲ್ಲೇ ನಿಲ್ಲುತ್ತದೆ, ಡಬ್ಬಿಯೂ ಸುಮಾರು ಒಂದು ವರ್ಷದಲ್ಲಿ ತುಂಬುತ್ತದೆ. ಭೇದಿ, ಕಿವಿ ಸೋಂಕು, ಕಾಲುಗುರು ಮುರಿಯುವಂಥ ಸಣ್ಣ ಭೇಟಿಗಳೂ ಇದರಿಂದಲೇ ಹೋಗಲಿ. ವರ್ಷಕ್ಕೆ ಒಂದೆರಡು ಬಂದೇ ಬರುತ್ತವೆ, ಹಾಗಾಗಿ ಒಂದೆರಡು ತಿಂಗಳು ತಡವಾಗಬಹುದು.

ಬಟ್ಟಲು, ಕೊರಳಪಟ್ಟಿ, ಹಗ್ಗ, ಹಾಸಿಗೆಗೆ 3,000 ಸೇರಿಸಿದರೆ, ಪುಕ್ಕಟೆ ಬಂದ ಮರಿಗೂ ಮೊದಲ ದಿನ ಕೈಯಲ್ಲಿ 18,000 ಇರಬೇಕು. ಇಲ್ಲ ಅಂದರೆ ಮೂರು ತಿಂಗಳು ಕೂಡಿಟ್ಟು ಆಮೇಲೆ ತನ್ನಿ. ದತ್ತು ಕೊಡಲು ಮರಿಗಳು ಆಗಲೂ ಇರುತ್ತವೆ.

ಆಪತ್ತಿನ ದಿನ

ಮರಿಗಳ ಮನೆಯಲ್ಲಿ ಮೊದಲು ಬರುವ ದೊಡ್ಡ ಬಿಲ್ಲು ಸಾಮಾನ್ಯವಾಗಿ ಪಾರ್ವೊ. ಮಂಕು, ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ. ವೈರಸ್ಸಿಗೆ ನೇರ ಮದ್ದಿಲ್ಲ. ದೇಹದಲ್ಲಿ ನೀರು ಆರದಂತೆ ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಆ್ಯಂಟಿಬಯೋಟಿಕ್ ಕೊಟ್ಟು ಮರಿ ತಾನೇ ಗೆಲ್ಲುವವರೆಗೆ ಕಾಯಬೇಕು. ಅದಕ್ಕೆ ಐದಾರು ದಿನ ಬೇಕು, ದಿನಕ್ಕೆ 2,000ದಿಂದ 3,000. ಎರಡನೇ ದಿನ ವಾಂತಿ ನಿಂತಿತು ಅಂತ ದುಡ್ಡು ಉಳಿಸಲು ಡ್ರಿಪ್ ನಿಲ್ಲಿಸಿದರೆ ಮರಿ ಮತ್ತೆ ಕುಸಿಯಬಹುದು. ಮುಂಚೆ ಸಾಕಿದ ಮರಿ ಪಾರ್ವೊದಿಂದ ಹೋಗಿದ್ದರೆ, ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ನೆಲ ಒರೆಸುವ ಫಿನಾಯಿಲ್ ಸಾಲದು, ಬ್ಲೀಚ್ ನೀರು ಬೇಕು. ಹೊಸ ಮರಿಗೆ ಲಸಿಕೆ ಪೂರ್ತಿ ಆಗದೆ ಅಲ್ಲಿಗೆ ತರಬೇಡಿ.

ಮಲೆನಾಡು, ಕರಾವಳಿ, ತೋಟದ ಮನೆಯವರು ಹಾವಿನ ಕಡಿತವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ನಾಯಿಗೂ ಮನುಷ್ಯರಿಗೆ ಕೊಡುವ ಆ್ಯಂಟಿವೆನಮ್ಮನ್ನೇ ಕೊಡುತ್ತಾರೆ. ಒಂದು ಶೀಶೆ ಸಾಲದೆ ಹಲವು ಬೇಕಾಗಬಹುದು. ನಿಮ್ಮ ಡಾಕ್ಟರ ಹತ್ತಿರ ಅದು ಇರುತ್ತದಾ, ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಅಂತ ಇವತ್ತೇ ಕೇಳಿಡಿ.

ಹಾಗೆಯೇ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು, ರಾತ್ರಿ ಫೀಸು ಎಷ್ಟು, ಅಡ್ಮಿಷನ್‌ಗೆ ಮುಂಗಡ ಎಷ್ಟು ಕೇಳುತ್ತಾರೆ, ನಾಯಿ ಹತ್ತಿಸಿಕೊಳ್ಳುವ ಆಟೋದವರ ನಂಬರ್, ಇಷ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮುಂಗಡ ತಕ್ಷಣ ಕಟ್ಟಬೇಕಾಗುತ್ತದೆ. ಹಾಗಾಗಿ ಆಪತ್ತಿನ ಹಣ ಅವಧಿ ಮುಗಿಯುವವರೆಗೆ ಮುಟ್ಟಲಾಗದ ಠೇವಣಿಯಲ್ಲಿರಬಾರದು.

ಬಿಲ್ಲಿನ ಬಗ್ಗೆ ಮಾತಾಡಲು ಸಂಕೋಚ ಬೇಡ. "ಸರ್, ಕಡಿಮೆ ಅಂದ್ರೆ ಎಷ್ಟಾಗುತ್ತೆ, ಜಾಸ್ತಿ ಅಂದ್ರೆ ಎಷ್ಟಾಗಬಹುದು?" ಅಂತ ಎರಡೂ ಕೇಳಿ. ನಂತರ ಇನ್ನೊಂದು ಪ್ರಶ್ನೆ: "ಈ ಪರೀಕ್ಷೆಯ ರಿಪೋರ್ಟ್ ಬಂದ್ರೆ ಟ್ರೀಟ್ಮೆಂಟ್ ಬದಲಾಗುತ್ತಾ?" ಬದಲಾಗುತ್ತದೆ ಅಂದರೆ ಮಾಡಿಸಿ. ಇಲ್ಲ ಅಂದರೆ ಆ ದುಡ್ಡು ಡ್ರಿಪ್‌ಗೆ ಉಳಿಯಲಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಹತ್ತಿರ ಇರುವುದು ಇಷ್ಟೇ ಅಂತ ಮೊದಲೇ ಹೇಳಿದರೆ ಅಷ್ಟರಲ್ಲಿ ಯಾವುದು ಮುಖ್ಯ ಅಂತ ಅವರೇ ಆರಿಸಿಕೊಡುತ್ತಾರೆ.

ಮನೆಯ ಮಾತ್ರೆ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣ ತೆಗೆಯಬಹುದು.

ವಿಮೆ? ನಮ್ಮ ದೇಶದಲ್ಲೂ ನಾಯಿ, ಬೆಕ್ಕಿಗೆ ಪಾಲಿಸಿಗಳಿವೆ. ಲಸಿಕೆ, ಜಂತುಹುಳದಂಥ ಮಾಮೂಲಿ ಖರ್ಚನ್ನು ಅವು ಸಾಮಾನ್ಯವಾಗಿ ಕೊಡುವುದಿಲ್ಲ. ಶುರುವಿನ ಕೆಲವು ವಾರ ಕಾಯಿಲೆಗೆ ಕ್ಲೇಮ್ ಇರುವುದಿಲ್ಲ, ವಯಸ್ಸಿನ ಮಿತಿ ಇರುತ್ತದೆ, ಲಸಿಕೆ ತಪ್ಪಿಸಿ ಬಂದ ರೋಗವನ್ನು ಹೊರಗಿಡುತ್ತಾರೆ. ಕೆಲವು ಪಾಲಿಸಿಗಳಲ್ಲಿ ಮುಖ್ಯ ಭಾಗವೇ ಪ್ರಾಣಿ ಸತ್ತರೆ ಕೊಡುವ ಹಣ. ನಿಮಗೆ ಬೇಕಿರುವುದು ಬದುಕಿಸುವ ಹಣ. ಹಾಗಾಗಿ ಆಪರೇಷನ್ ಮತ್ತು ಆಸ್ಪತ್ರೆ ಖರ್ಚಿಗೆ ಎಷ್ಟು ಮಿತಿ ಅನ್ನುವ ಒಂದು ಸಾಲನ್ನು ಮೊದಲು ಓದಿ. ಕೆಂಪಿಯಂಥ ನಾಯಿಗೆ ತುಂಬಿದ ಡಬ್ಬಿಯೇ ವಿಮೆಗಿಂತ ವಾಸಿ ಅನ್ನುವುದು ನನ್ನ ಅಭಿಪ್ರಾಯ. ದುಬಾರಿ ತಳಿಯ, ಕೀಲುನೋವಿನ ಜಾತಿಯ ನಾಯಿಯಾದರೆ ಚಿಕ್ಕ ವಯಸ್ಸಿನಲ್ಲೇ ವಿಮೆ ನೋಡಬಹುದು.

ಬೆಕ್ಕಿನ ಮನೆಗೆ ಏನು ಬದಲು

ಬೆಕ್ಕು ಅಗ್ಗ, ಆದರೆ ಅಂದುಕೊಂಡಷ್ಟಲ್ಲ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 60 ಗ್ರಾಂ ಒಣ ಆಹಾರ, ತಿಂಗಳಿಗೆ ಎರಡು ಕಿಲೋ ಒಳಗೆ. ಕಿಲೋಗೆ 400 ಹಿಡಿದರೆ 720 ರೂಪಾಯಿ. ಫ್ಲ್ಯಾಟಿನ ಬೆಕ್ಕಾದರೆ ಅದರ ಮಲಮೂತ್ರದ ಟ್ರೇಗೆ ಹಾಕುವ ಲಿಟರ್ ಮರಳಿಗೆ ಇನ್ನೂ 500. ನಾಯಿ ಆಹಾರವನ್ನೇ ಬೆಕ್ಕಿಗೂ ಹಾಕಿ ಉಳಿಸಲು ಹೋಗಬೇಡಿ. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲು-ಅನ್ನದ ಸಸ್ಯಾಹಾರಿ ಬೆಕ್ಕು ಹೊರಗೆ ಇಲಿ ಹಿಡಿದು ಬದುಕುತ್ತಿರುತ್ತದೆ. ಫ್ಲ್ಯಾಟಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು?

ಲಸಿಕೆಯ ವಾರಗಳು ಹೆಚ್ಚೂ ಕಡಿಮೆ ಅವೇ: ಎಂಟು, ಹನ್ನೆರಡು, ಹದಿನಾರಕ್ಕೆ ಬೆಕ್ಕಿನ ಕೂಡು ಲಸಿಕೆ, ಹನ್ನೆರಡರಿಂದ ರೇಬಿಸ್. ನಾಯಿಗೆ ತಂದ ಉಣ್ಣಿ ಮದ್ದನ್ನು ಬೆಕ್ಕಿಗೆ ಹಚ್ಚಲೇಬೇಡಿ. ಪರ್ಮೆಥ್ರಿನ್, ಅಮಿಟ್ರಾಜ್ ಇರುವ ಮದ್ದು ಬೆಕ್ಕಿಗೆ ವಿಷ. ಮನೆಯಲ್ಲಿ ಎರಡೂ ಇದ್ದರೆ ನಾಯಿಗೆ ಮದ್ದು ಹಚ್ಚಿದ ದಿನ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ.

ಆಪತ್ತಿನ ಡಬ್ಬಿ ಮಾತ್ರ ಬೆಕ್ಕಿಗೂ ಚಿಕ್ಕದಾಗಬಾರದು, ಗಂಡು ಬೆಕ್ಕಾದರೆ ಇನ್ನೂ. ಗಂಡಿನ ಮೂತ್ರನಾಳ ಕಿರಿದು, ಹರಳೋ ಲೋಳೆಯೋ ಸಿಕ್ಕಿ ಪೂರ್ತಿ ಮುಚ್ಚಿಹೋಗಬಹುದು. ಬೆಕ್ಕು ಮತ್ತೆ ಮತ್ತೆ ಲಿಟರ್ ಟ್ರೇಗೆ ಹೋಗಿ ಕೂರುತ್ತದೆ, ಕೂಗುತ್ತದೆ, ಹನಿಯೂ ಬರುವುದಿಲ್ಲ. ನೋಡಿದವರು ಮಲಬದ್ಧತೆ ಅಂದುಕೊಂಡು ನಾಳೆ ನೋಡೋಣ ಅನ್ನುತ್ತಾರೆ. ಒಂದೆರಡು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಅರಿವಳಿಕೆ ಕೊಟ್ಟು ನಳಿಗೆ ಹಾಕಿ ಎರಡು ಮೂರು ದಿನ ಅಡ್ಮಿಟ್ ಮಾಡಿಕೊಂಡರೆ 10,000ದಿಂದ 20,000 ರೂಪಾಯಿ. ಒಮ್ಮೆ ಬಂದದ್ದು ಮತ್ತೆ ಬರುವುದೂ ಇದೆ, ಆಮೇಲೆ ಡಾಕ್ಟರು ಹೇಳಿದ ವಿಶೇಷ ಆಹಾರದಿಂದ ಊಟದ ಡಬ್ಬಿಯೂ ದೊಡ್ಡದಾಗುತ್ತದೆ. ಒಣ ಆಹಾರದ ಜೊತೆ ದಿನಕ್ಕೊಂದು ಹೊತ್ತು ನೀರಿನಂಶ ಇರುವ ಆಹಾರ ಕೊಡಿ, ಮನೆಯಲ್ಲಿ ಎರಡು ಮೂರು ಕಡೆ ನೀರಿಡಿ. ಟ್ರೇಯಲ್ಲಿ ಮೂತ್ರದಿಂದ ಗಟ್ಟಿಯಾದ ಮರಳಿನ ಉಂಡೆ ದಿನಕ್ಕೆ ಎಷ್ಟು ಆಗಿರುತ್ತದೆ ಅಂತ ಸ್ವಚ್ಛ ಮಾಡುವಾಗ ಎಣಿಸಿ. ಮಾಮೂಲಿ ಮೂರು ಇರುವ ಕಡೆ ಒಂದೂ ಇಲ್ಲ ಅಂದರೆ ಬೆಳಗ್ಗೆವರೆಗೆ ಕಾಯಬೇಡಿ, ಆಗಲೇ ಹೊರಡಿ.